ಹಳೆಯ ರೌಟರ್ ಕೊಳ್ಳುವ ಮುನ್ನ ತಿರುಗಿಸಿ ನೋಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಗಳಿಗೆ ಹೋದರೆ, ಒಂದು ಮೂಲೆಯಲ್ಲಿ ರೌಟರ್‌ಗಳ ರಾಶಿ ಬಿದ್ದಿರುತ್ತದೆ. ಕೆಲವಕ್ಕೆ ಆಂಟೆನಾ ಸಡಿಲ, ಕೆಲವಕ್ಕೆ ಅಡಾಪ್ಟರ್ ಇಲ್ಲ. ಬಿಳಿ ಬಣ್ಣದ, ಎರಡು ಆಂಟೆನಾಗಳ ಟಿಪಿ-ಲಿಂಕ್ ಕಂಪನಿಯ TL-WR841N ಇಂಥ ಕಡೆ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಮಾದರಿ. ಹೊಸದಾಗಿ ಬಂದ ಕಾಲಕ್ಕೆ ಅಗ್ಗವಾಗಿತ್ತು, ಕೈಕೊಡುತ್ತಿರಲಿಲ್ಲ, ಹಾಗಾಗಿ ಮನೆಗಳಿಗೂ ಸಣ್ಣ ಕಚೇರಿಗಳಿಗೂ ಹೊಕ್ಕಿತು. ಈಗ ಅದೇ ಪೆಟ್ಟಿಗೆಗಳು ಕೆಲವು ನೂರು ರೂಪಾಯಿಗೆ ಮತ್ತೆ ಮಾರಾಟಕ್ಕೆ ಬಂದಿವೆ. ಆನ್ ಮಾಡಿದರೆ ದೀಪ ಹೊತ್ತುತ್ತದೆ, ವೈಫೈ ಬರುತ್ತದೆ. ಅಷ್ಟಕ್ಕೇ ಕೊಳ್ಳಬಹುದೇ? ಇದೊಂದೇ ಮಾದರಿಯನ್ನು ಕೈಗೆತ್ತಿಕೊಂಡು ಅಂಗಡಿಯ ಕಟ್ಟೆಯಿಂದ ಸೆಟ್ಟಿಂಗ್ಸ್ ಪುಟದವರೆಗೆ ಪರೀಕ್ಷಿಸುತ್ತಾ ಹೋಗೋಣ. ಕೊಳ್ಳಬೇಕೋ ಬೇಡವೋ ಎನ್ನುವುದು ಆ ದಾರಿಯಲ್ಲೇ ತಿಳಿಯುತ್ತದೆ. ಬೇರೆ ಕಂಪನಿಯ ರೌಟರ್ ಆದರೂ ನೋಡಬೇಕಾದ್ದು ಇದನ್ನೇ. ಗುಂಡಿ ಇರುವ ಜಾಗ, ಮೆನುವಿನ ಹೆಸರು ಮಾತ್ರ ಬದಲಾಗುತ್ತವೆ.

ಮೊದಲು ಅದನ್ನು ತಲೆಕೆಳಗು ಮಾಡಿ. ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಮಾದರಿಯ ಹೆಸರಿನ ಪಕ್ಕ `Ver: 9.0` ಅಥವಾ `V13` ಎಂಬಂಥ ಸಣ್ಣ ಬರಹ ಇರುತ್ತದೆ. ಅಂಗಡಿಯವರು ಹೇಳುವ ಬೆಲೆಗಿಂತ ಈ ಸಣ್ಣ ಬರಹ ಮುಖ್ಯ. ಹೊರಗೆ 841 ಎಂಬ ಒಂದೇ ಹೆಸರಿದ್ದರೂ ಒಳಗಿನ ಚಿಪ್ಪು, ಮೆಮೊರಿ, ಸಾಫ್ಟ್‌ವೇರ್ ಎಲ್ಲವೂ ವರ್ಷಗಳಲ್ಲಿ ಹಲವು ಸಲ ಬದಲಾಗಿವೆ. ಎಂಟನೇ ಆವೃತ್ತಿಗೂ ಹದಿನಾಲ್ಕನೆಯದಕ್ಕೂ ಇರುವುದು ಹೆಸರಿನ ನಂಟಷ್ಟೇ. ಒಂದರ ಸಾಫ್ಟ್‌ವೇರ್ ಇನ್ನೊಂದಕ್ಕೆ ಹೊಂದುವುದಿಲ್ಲ, ಒಂದರಲ್ಲಿ ಕಂಡ ದೋಷ ಇನ್ನೊಂದರಲ್ಲಿ ಇರದೆಯೂ ಇರಬಹುದು. ಚೀಟಿ ಕಿತ್ತುಹೋಗಿದ್ದರೆ ಅಥವಾ ಅಳಿಸಿಹೋಗಿದ್ದರೆ, ಆನ್ ಮಾಡಿ ಒಳಗಿನ ಪುಟ ನೋಡುವ ತನಕ ಬೆಲೆಯ ಮಾತು ಎತ್ತಬೇಡಿ.

ಅದೇ ಚೀಟಿಯಲ್ಲಿ ಎಷ್ಟು ವೋಲ್ಟ್ ಬೇಕು ಎಂದೂ ಬರೆದಿರುತ್ತದೆ. ಅಂಗಡಿಯ ಡಬ್ಬದಿಂದ ಯಾವುದೋ ಅಡಾಪ್ಟರ್ ತೆಗೆದು ಸಿಕ್ಕಿಸಿಕೊಡುವುದು ಮಾಮೂಲು. 9 ವೋಲ್ಟ್ ಕೇಳುವ ರೌಟರ್‌ಗೂ 12 ವೋಲ್ಟ್ ಅಡಾಪ್ಟರ್‌ನ ಪಿನ್ ಸಲೀಸಾಗಿ ಕೂರಬಹುದು. ಪಿನ್ ಕೂತಿತು ಎಂದ ಮಾತ್ರಕ್ಕೆ ಅಡಾಪ್ಟರ್ ಸರಿಯಾದದ್ದಲ್ಲ. ವೋಲ್ಟ್ ಎರಡರಲ್ಲೂ ಒಂದೇ ಇರಬೇಕು, ಆಂಪಿಯರ್ ರೌಟರ್ ಕೇಳುವಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಟರ್ನೆಟ್ ಕಂಪನಿಯ ಹೆಸರು ಅಚ್ಚಾಗಿರುವ, ಹಿಂದೆ `PON` ಎಂದು ಬರೆದ ಫೈಬರ್ ಕಿಂಡಿ ಇರುವ ಪೆಟ್ಟಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬಿಟ್ಟುಬಿಡಿ. ಅಂಥವನ್ನು ಕಂಪನಿ ಬಹಳ ಸಲ ಗ್ರಾಹಕರಿಗೆ ಬಳಕೆಗೆ ಕೊಟ್ಟಿರುತ್ತದೆ, ಮಾರಿರುವುದಿಲ್ಲ. ಅದರ ಸೀರಿಯಲ್ ನಂಬರ್ ಆ ಕಂಪನಿಯ ಜಾಲದಲ್ಲಿ ನೋಂದಣಿಯಾಗಿರುತ್ತದೆ. ದೂರದಿಂದಲೇ ಅದರ ಸೆಟ್ಟಿಂಗ್ಸ್ ಬದಲಿಸುವ ವ್ಯವಸ್ಥೆಯೂ ಕಂಪನಿಯ ಕೈಯಲ್ಲೇ ಇರುತ್ತದೆ. ಬೇರೆ ಕಂಪನಿಯ ಫೈಬರ್‌ಗೆ ಸಿಕ್ಕಿಸಿದರೆ ಅದು ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ.

ಈಗ ರೀಸೆಟ್. ಇದನ್ನು ಮನೆಗೆ ಹೋಗಿ ಮಾಡಿದರಾಯಿತು ಎಂದು ಬಿಡಬೇಡಿ. "ಅಣ್ಣ, ಒಂದು ಸಲ ಆನ್ ಮಾಡಿ, ರೀಸೆಟ್ ಮಾಡಿ ನೋಡ್ತೀನಿ" ಎಂದರೆ ಯಾವ ಅಂಗಡಿಯವರೂ ಬೇಡ ಎನ್ನುವುದಿಲ್ಲ. ಬೇಡ ಎಂದರೆ ಆ ಅಂಗಡಿಯಲ್ಲಿ ಕೊಳ್ಳುವುದು ಬೇಡ. ರೌಟರ್ ಆನ್ ಆಗಿ ಒಂದೆರಡು ನಿಮಿಷ ಕಳೆಯಲಿ. ಹಿಂಬದಿಯಲ್ಲಿ `WPS/RESET` ಎಂದು ಬರೆದ ಗುಂಡಿ ಇರುತ್ತದೆ. ಕೆಲವು ರೌಟರ್‌ಗಳಲ್ಲಿ ಗುಂಡಿ ಇರದೆ ಸಣ್ಣ ತೂತು ಮಾತ್ರ ಇರುತ್ತದೆ, ಅದಕ್ಕೆ ಸೇಫ್ಟಿ ಪಿನ್ ಬೇಕು. ಗುಂಡಿಯನ್ನು ಹತ್ತು ಸೆಕೆಂಡ್‌ನಷ್ಟು ಬಿಡದೆ ಒತ್ತಿಹಿಡಿಯಿರಿ. ಮುಂದಿನ ದೀಪಗಳು ಬೇಗ ಬೇಗ ಮಿನುಗಿ, ಒಮ್ಮೆ ಆರಿ, ಮತ್ತೆ ಒಂದೊಂದಾಗಿ ಹೊತ್ತಿಕೊಳ್ಳಬೇಕು. ಒಂದೆರಡು ಸೆಕೆಂಡ್‌ಗೇ ಬಿಟ್ಟರೆ ಅದು ರೀಸೆಟ್ ಅಲ್ಲ. ಎರಡು ಕೆಲಸಕ್ಕೆ ಒಂದೇ ಗುಂಡಿ ಇರುವುದರಿಂದ WPS ಚಾಲೂ ಆಗುತ್ತದೆ, ಒಂದು ದೀಪ ಮಿನುಗುತ್ತದೆ, ನೋಡಿದವರಿಗೆ ರೀಸೆಟ್ ಆದಂತೆಯೇ ಕಾಣುತ್ತದೆ. ರೌಟರ್‌ನ ತಂತಿ ಕಿತ್ತು ಮತ್ತೆ ಹಾಕುವುದೂ ರೀಸೆಟ್ ಅಲ್ಲ, ಅದರಿಂದ ಹಳೆಯ ಸೆಟ್ಟಿಂಗ್ಸ್‌ನಲ್ಲಿ ಒಂದಕ್ಷರವೂ ಅಳಿಯುವುದಿಲ್ಲ.

ನಿಜವಾಗಿ ರೀಸೆಟ್ ಆಯಿತೇ ಎನ್ನುವುದನ್ನು ಫೋನ್‌ನಲ್ಲೇ ನೋಡಬಹುದು. ಹಳೆಯ ಮಾಲೀಕರು ಇಟ್ಟ ವೈಫೈ ಹೆಸರು ಹೋಗಿ, `TP-LINK_` ಎಂದು ಶುರುವಾಗಿ ಕೆಲವು ಅಕ್ಷರ-ಅಂಕಿಗಳಲ್ಲಿ ಮುಗಿಯುವ ಹೆಸರು ಬರಬೇಕು. ಆ ಅಕ್ಷರ-ಅಂಕಿಗಳು ತಳದ ಚೀಟಿಯಲ್ಲಿರುವ MAC ವಿಳಾಸದ ಕೊನೆಯ ಭಾಗಕ್ಕೆ ತಾಳೆಯಾಗಬೇಕು. ಚೀಟಿಯಲ್ಲಿ ಅಚ್ಚಾಗಿರುವ ಪಾಸ್‌ವರ್ಡ್ ಹಾಕಿದರೆ ಒಳಗೆ ಹೋಗಬೇಕು. ಹೆಸರು ಬದಲಾಗದಿದ್ದರೆ ಗುಂಡಿ ಕೆಟ್ಟಿದೆ, ಅಥವಾ ಒಳಗೆ ಕಂಪನಿಯದ್ದಲ್ಲದ ಬೇರೆ ಸಾಫ್ಟ್‌ವೇರ್ ಇದೆ. ಎರಡರಲ್ಲಿ ಯಾವುದಾದರೂ ಅಂಥ ರೌಟರ್ ವಾಪಸ್ ಕೊಡುವುದೇ ಸರಿ.

ರೀಸೆಟ್ ಮಾಡಿದರೆ ಏನಾಗುತ್ತದೆ, ಏನಾಗುವುದಿಲ್ಲ ಎನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಹುಪಾಲು ಜನ ಎಡವುವುದು ಇಲ್ಲೇ. ರೌಟರ್‌ನೊಳಗಿನ ಮೆಮೊರಿಯಲ್ಲಿ ಎರಡು ಬೇರೆ ಬೇರೆ ಜಾಗಗಳಿವೆ. ದೊಡ್ಡದರಲ್ಲಿ ರೌಟರನ್ನು ನಡೆಸುವ ಸಾಫ್ಟ್‌ವೇರ್ ಇರುತ್ತದೆ, ಇದಕ್ಕೇ ಫರ್ಮ್‌ವೇರ್ ಎನ್ನುವುದು. ಚಿಕ್ಕದರಲ್ಲಿ ಬಳಸುವವರು ತುಂಬಿದ ಸೆಟ್ಟಿಂಗ್ಸ್ ಇರುತ್ತವೆ: ವೈಫೈ ಹೆಸರು, ಪಾಸ್‌ವರ್ಡ್, ಇಂಟರ್ನೆಟ್ ಕಂಪನಿಯ ಲಾಗಿನ್. ರೀಸೆಟ್ ಗುಂಡಿ ಚಿಕ್ಕ ಜಾಗವನ್ನಷ್ಟೇ ಒರೆಸುತ್ತದೆ. ಫರ್ಮ್‌ವೇರ್ ಹತ್ತು ವರ್ಷ ಹಳೆಯದಾಗಿದ್ದರೆ, ರೀಸೆಟ್ ಆದ ಮೇಲೂ ಅದೇ ಹತ್ತು ವರ್ಷ ಹಳೆಯ ಫರ್ಮ್‌ವೇರ್, ಅದರಲ್ಲಿದ್ದ ತೂತುಗಳ ಸಮೇತ ಹಾಗೇ ಇರುತ್ತದೆ.

ತಿರುಗಿಸಿ ಹೇಳಿದರೂ ಅಷ್ಟೇ ನಿಜ. ಫರ್ಮ್‌ವೇರ್ ಹೊಸದು ಹಾಕಿದ ಮಾತ್ರಕ್ಕೆ ಹಳೆಯ ಸೆಟ್ಟಿಂಗ್ಸ್ ಹೋಗುತ್ತವೆ ಎನ್ನುವಂತಿಲ್ಲ. 2025ರ ಮೇ ತಿಂಗಳಲ್ಲಿ ಗ್ರೇನಾಯ್ಸ್ ಎಂಬ ಭದ್ರತಾ ಸಂಸ್ಥೆ ಏಸಸ್ ಕಂಪನಿಯ ಸಾವಿರಾರು ರೌಟರ್‌ಗಳಿಗೆ ಯಾರೋ ಕಳ್ಳಬಾಗಿಲು ಇಟ್ಟಿರುವುದನ್ನು ಬಯಲಿಗೆಳೆಯಿತು. ದಾಳಿಕೋರರು ರೌಟರ್‌ಗೆ ವೈರಸ್ ತುಂಬಿರಲಿಲ್ಲ. ದೂರದಿಂದ ಒಳಬರುವ SSH ಎಂಬ ಸೌಲಭ್ಯವನ್ನು 53282 ಎಂಬ ಪೋರ್ಟ್‌ನಲ್ಲಿ ಚಾಲೂ ಮಾಡಿ, ತಮ್ಮ ಕೀಲಿಯನ್ನು ಸೆಟ್ಟಿಂಗ್ಸ್‌ನಲ್ಲೇ ಉಳಿಸಿಟ್ಟಿದ್ದರು. ಹೊಸ ಫರ್ಮ್‌ವೇರ್ ಹಾಕಿದರೂ ಅದು ಉಳಿದುಕೊಳ್ಳುತ್ತಿತ್ತು. ಅದನ್ನು ಕಿತ್ತುಹಾಕಲು ಪೂರ್ತಿ ರೀಸೆಟ್ ಮಾಡಿ, ಸೆಟ್ಟಿಂಗ್ಸ್ ಕೈಯಾರೆ ಮತ್ತೆ ತುಂಬಬೇಕಾಯಿತು. ಆದ್ದರಿಂದ ಬೇರೆಯವರ ಕೈದಾಟಿ ಬಂದ ರೌಟರ್‌ಗೆ ಮೊದಲು ರೀಸೆಟ್, ಆಮೇಲೆ ಹೊಸ ಫರ್ಮ್‌ವೇರ್, ಕೊನೆಗೆ ಇನ್ನೊಂದು ರೀಸೆಟ್ ಮಾಡಬೇಕು. ಮಾರುವವರು "ಸೆಟ್ಟಿಂಗ್ಸ್ ಎಲ್ಲಾ ಇದರಲ್ಲಿದೆ, ಲೋಡ್ ಮಾಡ್ಕೊಳ್ಳಿ" ಎಂದು ಬ್ಯಾಕಪ್ ಫೈಲ್ ಕೊಟ್ಟರೆ ಅದನ್ನು ಮುಟ್ಟಬೇಡಿ. ಒರೆಸಿದ್ದೆಲ್ಲ ಅದರಿಂದ ವಾಪಸ್ ಬರುತ್ತದೆ.

ಇನ್ನು ಒಳಗಿನ ಪುಟ ನೋಡೋಣ. ರೌಟರ್‌ನ ನೀಲಿ ಕಿಂಡಿ ಹೊರಗಿನ ಇಂಟರ್ನೆಟ್ ತಂತಿಗೆ. ಪರೀಕ್ಷೆ ಮುಗಿಯುವವರೆಗೆ ಅದು ಖಾಲಿಯೇ ಇರಲಿ. ಹಳದಿ ಕಿಂಡಿಯೊಂದರಿಂದ ಲ್ಯಾಪ್‌ಟಾಪ್‌ಗೆ ಒಂದು ಕೇಬಲ್ ಹಾಕಿ, ಬ್ರೌಸರ್‌ನಲ್ಲಿ `192.168.0.1` ಎಂದು ಟೈಪ್ ಮಾಡಿ. ತೆರೆಯದಿದ್ದರೆ `192.168.1.1` ನೋಡಿ. ಹಳೆಯ ರೌಟರ್‌ಗಳ ಚೀಟಿಯಲ್ಲಿ `tplinklogin.net` ಎಂಬ ವಿಳಾಸ ಅಚ್ಚಾಗಿರಬಹುದು. ಅದನ್ನು ಮಾತ್ರ ಬಳಸಬೇಡಿ. ಆ ಹೆಸರಿನ ನೋಂದಣಿ ಕಂಪನಿಯ ಕೈತಪ್ಪಿ ಬೇರೆಯವರ ಪಾಲಾಗಿದ್ದು 2016ರಲ್ಲಿ ಸುದ್ದಿಯಾಗಿತ್ತು. ರೌಟರ್‌ಗೆ ಜೋಡಿಸದ ಫೋನ್‌ನಿಂದ ಅದನ್ನು ತೆರೆದರೆ ನೀವು ಯಾರದೋ ತಾಣಕ್ಕೆ ಹೋಗಬಹುದು. ಅಂಕಿಗಳ ವಿಳಾಸದಲ್ಲಿ ಆ ಭಯವಿಲ್ಲ. ಹಳೆಯ ಆವೃತ್ತಿಗಳಲ್ಲಿ ಹೆಸರೂ ಪಾಸ್‌ವರ್ಡೂ ಎರಡೂ `admin`. ರೀಸೆಟ್ ಆದ ಮೇಲೂ ಇದು ತೆರೆಯದೆ ಬೇರೆ ಪಾಸ್‌ವರ್ಡ್ ಕೇಳಿದರೆ, ರೀಸೆಟ್ ಆಗಿಲ್ಲ ಎಂದೇ ಅರ್ಥ.

ರೀಸೆಟ್ ಮಾಡಿದ ಮೇಲೆ ಹಳೆಯ ಸೆಟ್ಟಿಂಗ್ಸ್ ನೋಡುವುದು ಯಾಕೆ ಎಂದು ಕೇಳಬಹುದು. ಅಳಿಸಿದ್ದು ಅಳಿಸಿಹೋಗಿದೆಯೇ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಉಳಿದಿರಬಾರದ್ದು ಎಲ್ಲೆಲ್ಲಿ ಉಳಿಯಬಹುದು ಎಂದು ಗೊತ್ತಿದ್ದರೆ ಐದು ನಿಮಿಷದ ಕೆಲಸ. ಹಸಿರು ಪಟ್ಟಿಯ ಹಳೆಯ ಪುಟದಲ್ಲಿ ಎಡಗಡೆ ಮೆನು ಇರುತ್ತದೆ. `Network` ಒಳಗಿನ `WAN` ತೆರೆದರೆ ಹಿಂದಿನವರ ಇಂಟರ್ನೆಟ್ ಲಾಗಿನ್ ಹೆಸರು ಅಲ್ಲಿ ಇರಬಾರದು. `Forwarding` ಒಳಗೆ ಹೊರಗಿನಿಂದ ಮನೆಯೊಳಗಿನ ಕ್ಯಾಮೆರಾಗೋ ಕಂಪ್ಯೂಟರ್‌ಗೋ ದಾರಿ ಬಿಟ್ಟ ಪಟ್ಟಿ ಖಾಲಿ ಇರಬೇಕು, `DMZ` ಎಂಬುದು `Disable` ಎಂದಿರಬೇಕು. `Security` ಒಳಗೆ `Remote Management` ಎಂಬ ಪುಟದಲ್ಲಿ `0.0.0.0` ಎಂದಿದ್ದರೆ ದೂರದಿಂದ ಯಾರೂ ಈ ಪುಟ ತೆರೆಯಲಾರರು. ಅಲ್ಲಿ `255.255.255.255` ಎಂದು ಕಂಡರೆ ಪ್ರಪಂಚದ ಯಾವ ಮೂಲೆಯಿಂದಲಾದರೂ ಲಾಗಿನ್ ಪುಟ ತೆರೆಯಬಹುದು ಎಂದು ಯಾರೋ ಅನುಮತಿ ಕೊಟ್ಟಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು DNS ಎಂಬ ಸಾಲಿಗೆ. ಬಸ್ ನಿಲ್ದಾಣದ ವಿಚಾರಣಾ ಕೌಂಟರ್‌ನಂತೆ, ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ಅದು ಎಲ್ಲಿದೆ ಎಂದು ಹೇಳುವುದು DNS ಸರ್ವರ್. ಅಲ್ಲಿ ಕೂತವರು ಸುಳ್ಳು ಹೇಳಿದರೆ, ನೀವು ಟೈಪ್ ಮಾಡಿದ ಹೆಸರು ಸರಿಯಿದ್ದರೂ ತಲುಪುವ ಜಾಗ ಬೇರೆ. ಡಿಎನ್‌ಎಸ್ ಚೇಂಜರ್ ಎಂಬ ಜಾಲ ಹೀಗೆಯೇ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳ ದಾರಿ ತಪ್ಪಿಸಿತ್ತು. `admin` ಪಾಸ್‌ವರ್ಡ್ ಬದಲಿಸದ ರೌಟರ್‌ಗಳ ಸಾಲನ್ನೂ ಅದು ತಿದ್ದುತ್ತಿತ್ತು. ಅಮೆರಿಕದ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಅದನ್ನು ಹಿಡಿಯಿತು. ಆದರೆ ಆ ಸುಳ್ಳು ಸರ್ವರ್‌ಗಳನ್ನು ತಕ್ಷಣ ನಿಲ್ಲಿಸಿದರೆ ಇಷ್ಟೂ ಜನರ ಇಂಟರ್ನೆಟ್ ನಿಂತುಹೋಗುತ್ತಿತ್ತು. ಹಾಗಾಗಿ 2012ರ ಜುಲೈ 9ರವರೆಗೆ ಅವುಗಳ ಜಾಗದಲ್ಲಿ ಸರಿಯಾದ ಸರ್ವರ್‌ಗಳನ್ನು ನಡೆಸಬೇಕಾಯಿತು. ನಿಮ್ಮ ರೌಟರ್‌ನಲ್ಲಿ ಈ ಸಾಲು ಎರಡು ಕಡೆ ಇದೆ, `WAN` ಪುಟದಲ್ಲಿ ಒಂದು, `DHCP` ಪುಟದಲ್ಲಿ ಇನ್ನೊಂದು. ರೀಸೆಟ್ ಆದ ರೌಟರ್‌ನಲ್ಲಿ ಎರಡೂ ಕಡೆ `0.0.0.0` ಇರಬೇಕು. ಮುಂದೆ ಇಂಟರ್ನೆಟ್ ಜೋಡಿಸಿದ ಮೇಲೂ ವಿಂಡೋಸ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇದೊಂದನ್ನು ಟೈಪ್ ಮಾಡಿ ನೋಡಿ:

```
ipconfig /all
```

`DNS Servers` ಎದುರು ರೌಟರ್‌ನ ವಿಳಾಸವೋ ನಿಮ್ಮ ಇಂಟರ್ನೆಟ್ ಕಂಪನಿಯ ವಿಳಾಸವೋ ನೀವೇ ಹಾಕಿಕೊಂಡದ್ದೋ ಇರಬೇಕು. ಗುರುತಿಲ್ಲದ ಅಂಕಿಗಳಿದ್ದರೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಅದು ಅವರದೇ ಎಂದು ಖಚಿತವಾಗುವವರೆಗೆ ಬ್ಯಾಂಕಿನ ಕೆಲಸ ಮಾಡಬೇಡಿ.

ರೀಸೆಟ್ ಮಾಡದೆ ಕೈಗೆ ಬಂದ ರೌಟರ್‌ನಲ್ಲಿ ಹಿಂದಿನವರ ಲಾಗಿನ್, ಮನೆಯ ಫೋನ್‌ಗಳ ಹೆಸರು ಎಲ್ಲವೂ ಕಾಣಸಿಗುತ್ತವೆ. ಅದನ್ನು ಓದುತ್ತಾ ಕೂರದೆ ಮೊದಲು ಒರೆಸುವುದು ಮರ್ಯಾದೆ. ಈ ಅಜಾಗ್ರತೆ ಮನೆಗಳಿಗಷ್ಟೇ ಸೀಮಿತವೂ ಅಲ್ಲ. ಇಸೆಟ್ ಎಂಬ ಭದ್ರತಾ ಕಂಪನಿ ಕಚೇರಿಗಳಲ್ಲಿ ಬಳಸಿ ಮಾರಿದ 18 ರೌಟರ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಪರೀಕ್ಷಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂಬತ್ತರಲ್ಲಿ ಹಿಂದಿನ ಸಂಸ್ಥೆಗಳ ಗುಟ್ಟಿನ ಮಾಹಿತಿ ಹಾಗೇ ಉಳಿದಿತ್ತು.

ಈಗ ಕೊಳ್ಳುವುದೋ ಬಿಡುವುದೋ ನಿರ್ಧಾರವಾಗುವ ಜಾಗಕ್ಕೆ ಬಂದೆವು. `Status` ಪುಟದ ಮೇಲ್ಭಾಗದಲ್ಲಿ ಎರಡು ಸಾಲುಗಳಿವೆ. `Hardware Version` ಎದುರು `WR841N v9` ಎಂಬಂಥ ಬರಹ. ಇದು ತಳದ ಚೀಟಿಗೆ ತಾಳೆಯಾಗಬೇಕು, ಆಗದಿದ್ದರೆ ಮುಚ್ಚಳ ಬದಲಾಗಿದೆ ಅಥವಾ ಒಳಗಿನದು ಬೇರೆ. ಅದರ ಮೇಲೆ `Firmware Version` ಎದುರು `3.16.9 Build 150310` ಎಂದಿದೆ ಎಂದುಕೊಳ್ಳಿ. `Build` ನಂತರದ ಆರು ಅಂಕಿಗಳೇ ತಾರೀಖು. ಎರಡೆರಡಾಗಿ ಓದಿ: ವರ್ಷ 15, ತಿಂಗಳು 03, ದಿನ 10. ಅಂದರೆ ಈ ರೌಟರನ್ನು ನಡೆಸುತ್ತಿರುವ ಸಾಫ್ಟ್‌ವೇರ್ 2015ರ ಮಾರ್ಚ್ 10ರದ್ದು. ಅದರ ನಂತರ ಪತ್ತೆಯಾದ ಯಾವ ದೋಷಕ್ಕೂ ಇದರಲ್ಲಿ ತೇಪೆ ಬಿದ್ದಿಲ್ಲ.

ತಾರೀಖು ಹಳೆಯದು ಎಂದಷ್ಟಕ್ಕೇ ರೌಟರ್ ತಿರಸ್ಕರಿಸಬೇಕಿಲ್ಲ, ಹಿಂದಿನವರು ಅಪ್‌ಡೇಟ್ ಮಾಡದೆ ಬಿಟ್ಟಿರಬಹುದು. ನೋಡಬೇಕಾದ್ದು ಕಂಪನಿ ಈ ಆವೃತ್ತಿಗೆ ಇನ್ನೂ ಫರ್ಮ್‌ವೇರ್ ಕೊಡುತ್ತಿದೆಯೇ ಎಂಬುದನ್ನು. ಫೋನ್‌ನಲ್ಲೇ ಕಂಪನಿಯ ಭಾರತದ ತಾಣ ತೆರೆದು, ಸಪೋರ್ಟ್ ವಿಭಾಗದಲ್ಲಿ ಮಾದರಿಯ ಹೆಸರು ಹಾಕಿ, ಆವೃತ್ತಿಯ ಪಟ್ಟಿಯಲ್ಲಿ ನಿಮ್ಮದನ್ನೇ ಆರಿಸಿ, `Firmware` ಒತ್ತಿ. ಕೊನೆಯ ಫೈಲಿನ ತಾರೀಖು ಎಷ್ಟು ವರ್ಷ ಹಿಂದಿನದು ಎಂದು ಅಲ್ಲೇ ಕಾಣುತ್ತದೆ. ಆಯುಷ್ಯ ಮುಗಿದ ಮಾದರಿಗಳಿಗೆ `End of Life` ಅಥವಾ `End of Service` ಎಂಬ ಗುರುತೂ ಇರುತ್ತದೆ.

ಎರಡನೆಯದಾಗಿ, ಆ ಮಾದರಿಯ ದೋಷವನ್ನು ಕಳ್ಳರು ಈಗಾಗಲೇ ಬಳಸುತ್ತಿದ್ದಾರೆಯೇ ಎಂದು ನೋಡಿ. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೀಸಾ, ನಿಜವಾಗಿ ದಾಳಿಗೆ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಯೊಂದನ್ನು ಎಲ್ಲರಿಗೂ ತೆರೆದಿಟ್ಟಿದೆ. `CISA KEV` ಎಂದು ಹುಡುಕಿದರೆ ಸಿಗುತ್ತದೆ, ಅದರಲ್ಲಿ ಮಾದರಿಯ ಹೆಸರು ಹಾಕಿ ನೋಡಬಹುದು. 841 ಹಾಕಿದರೆ ಬರಿಗೈಯಲ್ಲಿ ವಾಪಸ್ ಬರುವುದಿಲ್ಲ. 2025ರ ಜೂನ್‌ನಲ್ಲಿ `CVE-2023-33538` ಎಂಬ ದೋಷ ಆ ಪಟ್ಟಿ ಸೇರಿತು. ಅದರಲ್ಲಿ 841ರ 8 ಮತ್ತು 10ನೇ ಆವೃತ್ತಿಗಳ ಜೊತೆ ಅದೇ ಕಾಲದ 740 ಮತ್ತು 940 ಮಾದರಿಗಳೂ ಇವೆ. ರೌಟರ್‌ಗೆ ತಮಗೆ ಬೇಕಾದ ಆದೇಶ ಕೊಡಲು ದಾಳಿಕೋರರಿಗೆ ದಾರಿ ಮಾಡಿಕೊಡುವ ದೋಷ ಅದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 841ರ ಹೆಸರು ಮತ್ತೆ ಬಂತು, ಈ ಸಲ ದುಬಾರಿ ಮಾದರಿಯಾದ ಆರ್ಚರ್ C7 ಕೂಡ ಜೊತೆಗಿತ್ತು. ಇವುಗಳ ಕಾಲ ಮುಗಿದಿದೆ, ಹೊಸ ರೌಟರ್‌ಗೆ ಬದಲಾಯಿಸಿ ಎಂದು ಟಿಪಿ-ಲಿಂಕ್ ಕಂಪನಿಯೇ ಹೇಳಿದೆ.

ಇಂಥ ರೌಟರ್ ಹೊಕ್ಕವರಿಗೆ ನಿಮ್ಮ ಫೋಟೋಗಳಿಗಿಂತ ಹೆಚ್ಚಾಗಿ ಬೇಕಿರುವುದು ನಿಮ್ಮ ಮನೆಯ ಇಂಟರ್ನೆಟ್ ವಿಳಾಸ. ಹಳೆಯ ರೌಟರ್‌ಗಳನ್ನು ವಶಪಡಿಸಿಕೊಂಡು, ಅವುಗಳ ಮೂಲಕ ಹಾಯಲು ಬಾಡಿಗೆಗೆ ಕೊಡುತ್ತಿದ್ದ ಎರಡು ಸೇವೆಗಳನ್ನು ಎಫ್‌ಬಿಐ 2025ರ ಮೇ ತಿಂಗಳಲ್ಲಿ ಮುಚ್ಚಿಸಿತು. ಬೇರೆಯವರು ನಿಮ್ಮ ಸಂಪರ್ಕದ ಮೂಲಕ ಮಾಡಿದ ವಂಚನೆಯಲ್ಲಿ ದಾಖಲಾಗುವುದು ನಿಮ್ಮ ವಿಳಾಸ. ಮನೆಯೊಳಗೆ ಇದರ ಗುರುತೇ ಸಿಗದಿರಬಹುದು. ವೈಫೈ ಎಂದಿನಂತೆಯೇ ಓಡುತ್ತಿರುತ್ತದೆ.

ಹಾಗಾಗಿ 841ರ ಹಳೆಯ ಆವೃತ್ತಿಗಳನ್ನು ಮನೆಯ ಮುಖ್ಯ ರೌಟರ್ ಆಗಿ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಕೊಳ್ಳಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಇನ್ನೂ ಒಂದು ಕಾರಣವಿದೆ. ಅದರ ಕಿಂಡಿಗಳ ಮಿತಿ 100 Mbps. ನೀವು 200 Mbps ಪ್ಲಾನ್‌ಗೆ ದುಡ್ಡು ಕಟ್ಟುತ್ತಿದ್ದರೆ ಅರ್ಧ ಹಣ ಪೋಲು. "ಓಪನ್‌ವರ್ಟ್ ಹಾಕಿದರೆ ಹೊಸದರಂತಾಗುತ್ತದೆ" ಎಂದು ತಿಳಿದವರು ಹೇಳಬಹುದು. ಓಪನ್‌ವರ್ಟ್ ಎನ್ನುವುದು ಹಳೆಯ ರೌಟರ್‌ಗಳಿಗೂ ಹೊಸ ಫರ್ಮ್‌ವೇರ್ ತಯಾರಿಸುವ ಸ್ವತಂತ್ರ ಯೋಜನೆ, ಅದರ ಕೆಲಸ ನಿಜಕ್ಕೂ ದೊಡ್ಡದು. ಆದರೆ ಈ 841ಗಳಲ್ಲಿ ಬಹುಪಾಲಿಗೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಮಾತ್ರ ಇದೆ. ಇಷ್ಟು ಕಡಿಮೆ ಜಾಗದ ರೌಟರ್ ಕೊಳ್ಳಬೇಡಿ ಎಂದು ಆ ಯೋಜನೆಯವರೇ ಎಚ್ಚರಿಸುತ್ತಾರೆ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಆರ್ಚರ್ C6ನ ಮೂರನೇ ಆವೃತ್ತಿಯಂಥದ್ದನ್ನು ಹುಡುಕಿದರೆ ಗಿಗಾಬಿಟ್ ಕಿಂಡಿಯೂ ಸಿಗುತ್ತದೆ, ಓಪನ್‌ವರ್ಟ್‌ನ ಬೆಂಬಲವೂ ಇರುತ್ತದೆ. ಅಲ್ಲೂ ತಳದ ಚೀಟಿ ನೋಡಿಯೇ ತೀರ್ಮಾನಿಸಿ.

ಪರೀಕ್ಷೆಯಲ್ಲಿ ಪಾಸಾದ ರೌಟರ್ ಸಿಕ್ಕಿತು ಎನ್ನಿ. ಫರ್ಮ್‌ವೇರ್ ಫೈಲನ್ನು ಫೋನ್ ಡೇಟಾದಿಂದ ಲ್ಯಾಪ್‌ಟಾಪ್‌ಗೆ ಇಳಿಸಿ, ಜಿಪ್ ಬಿಡಿಸಿ, ಒಳಗಿರುವ `.bin` ಫೈಲನ್ನು `System Tools` ಮೆನುವಿನ `Firmware Upgrade`ನಲ್ಲಿ ಕೊಡಬೇಕು. ಈ ಕೆಲಸ ವೈಫೈ ಮೂಲಕ ಬೇಡ, ಕೇಬಲ್‌ನಲ್ಲೇ ಆಗಲಿ. ಅರ್ಧದಲ್ಲಿ ಕರೆಂಟ್ ಹೋದರೆ ರೌಟರ್ ಮತ್ತೆ ಏಳದಿರಬಹುದು. ಯುಪಿಎಸ್ ಇದ್ದರೆ ಅದಕ್ಕೇ ಜೋಡಿಸಿ, ಇಲ್ಲದಿದ್ದರೆ ನಿಮ್ಮೂರಿನ ಲೋಡ್‌ಶೆಡ್ಡಿಂಗ್ ಸಮಯ ಬಿಟ್ಟು ಮಾಡಿ. ಬೇರೆ ಆವೃತ್ತಿಯ ಅಥವಾ ಬೇರೆ ದೇಶಕ್ಕೆಂದು ಮಾಡಿದ ಫೈಲ್ ಕೊಟ್ಟರೆ ಹೆಚ್ಚಿನ ಸಲ ರೌಟರೇ ಬೇಡ ಎನ್ನುತ್ತದೆ. ಒಪ್ಪಿಕೊಂಡು ಕೆಟ್ಟದ್ದೂ ಉಂಟು, ಆದ್ದರಿಂದ ಹೆಸರು ಎರಡು ಸಲ ಓದಿ.

ಕೊನೆಯ ರೀಸೆಟ್ ಮುಗಿದ ಮೇಲೆ ಅಡ್ಮಿನ್ ಪಾಸ್‌ವರ್ಡನ್ನೂ ವೈಫೈ ಪಾಸ್‌ವರ್ಡನ್ನೂ ಬೇರೆ ಬೇರೆಯಾಗಿ ಇಡಿ. ಚೀಟಿಯಲ್ಲಿ ಅಚ್ಚಾದ ಪಾಸ್‌ವರ್ಡ್ ಹಿಂದಿನ ಮಾಲೀಕರಿಗೂ ಅಂಗಡಿಯವರಿಗೂ ಗೊತ್ತು. WPS ಆಫ್ ಮಾಡಿ. ಅದರ ಎಂಟಂಕಿಯ ಪಿನ್ ಅನ್ನು ಎರಡು ತುಂಡು ಮಾಡಿ ಪರೀಕ್ಷಿಸುವುದರಿಂದ ಸುಮಾರು 11,000 ಪ್ರಯತ್ನದೊಳಗೆ ಊಹಿಸಬಹುದು ಎಂದು 2011ರಲ್ಲೇ ತೋರಿಸಿದ್ದಾರೆ. ಇಷ್ಟಾದ ಮೇಲೆ ನೀಲಿ ಕಿಂಡಿಗೆ ಇಂಟರ್ನೆಟ್ ತಂತಿ ಹಾಕಿ. ಕಂಪನಿಯವರೋ ಊರಿನ ಕೇಬಲ್ ಆಪರೇಟರೋ ಕೊಟ್ಟ ಲಾಗಿನ್ ಸರಿಯಾಗಿ ತುಂಬಿದರೂ ಸಂಪರ್ಕ ಬರದಿದ್ದರೆ ರೌಟರ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಕೆಲವು ಆಪರೇಟರ್‌ಗಳು ಹಳೆಯ ರೌಟರ್‌ನ MAC ವಿಳಾಸಕ್ಕೆ ನಿಮ್ಮ ಸಂಪರ್ಕವನ್ನು ಕಟ್ಟಿಹಾಕಿರುತ್ತಾರೆ. ಹೊಸದಾಗಿ ತಂದ ರೌಟರ್‌ನ ಚೀಟಿಯಲ್ಲಿರುವ MAC ವಿಳಾಸ ಹೇಳಿ ಬದಲಿಸಿ ಎಂದರೆ ಫೋನ್‌ನಲ್ಲೇ ಮಾಡಿಕೊಡುತ್ತಾರೆ.